ಸಾಲಿಗೊಂದು ಪದ, ಪದಕ್ಕೊಂದು ನಿಟ್ಟುಸಿರು

ಲಿಂಕ್ಡ್‌ಇನ್‌ನಲ್ಲಿ ಕಂಪನಿಗಳು ಸಾಧನೆ ಹೇಳಿಕೊಳ್ಳುವ ರೀತಿ ನೋಡಿದ್ರೆ, ಅವರೆಲ್ಲ ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದವರ ಹಾಗೆ ಕಾಣ್ತಾರೆ. ಒಂದು ಪದ, ಉಸಿರು. ಎರಡು ಪದ, ಉಸಿರು. ನಡುನಡುವೆ ಒಂದೊಂದು ಖಾಲಿ ಸಾಲು. ಹತ್ತು ವರ್ಷ ಕಂಪನಿ ನಡೆಸಿದವರಿಗೆ ಒಂದು ಪೂರ್ತಿ ವಾಕ್ಯ ಹೇಳೋಕೆ ಏನು ಕಷ್ಟ ಸ್ವಾಮಿ?

ಕಷ್ಟ ಅವರದ್ದಲ್ಲ, ಅವರಿಗೆ ಕ್ಯಾಪ್ಷನ್ ಬರೆದುಕೊಡುವವರದ್ದು. ನಾನೂ ಅದೇ ಕಸುಬಿನವನು, ಆದ್ದರಿಂದ ಈ ಜಗಳ ಮನೆಯೊಳಗಿನದು ಅಂತಲೇ ತಿಳಿದುಕೊಳ್ಳಿ.

ಪೀಣ್ಯದಲ್ಲಿ ವಾಲ್ವ್ ಬಾಡಿ ಮಾಡುವ ಒಂದು ಸಣ್ಣ ಕಂಪನಿ. ಅವರ ಹತ್ತು ಲಕ್ಷನೇ ಪೀಸ್ ತಯಾರಾಯ್ತು. ಅವರ ಏಜೆನ್ಸಿ ಬರೆದ ಕ್ಯಾಪ್ಷನ್ ಹೀಗೆ ಶುರುವಾಗಿತ್ತು:

ಒಂದು ಕನಸು.

ಒಂದು ಶೆಡ್ಡು.

ಯಾರೂ ನಂಬಲಿಲ್ಲ.

ಆದರೂ ನಾವು ನಿಲ್ಲಲಿಲ್ಲ.

ಹೀಗೇ ಇಪ್ಪತ್ತಾರು ಸಾಲು. ಹತ್ತು ಲಕ್ಷ ಅನ್ನೋ ಮಾತು ಬರೋದು ಹತ್ತೊಂಬತ್ತನೇ ಸಾಲಿನಲ್ಲಿ. ವಾಲ್ವ್ ಅನ್ನೋ ಪದ ಬರೋದೇ ಇಲ್ಲ!

ಈಗ ಇದು ಫೋನಿನಲ್ಲಿ ಹೇಗೆ ಕಾಣುತ್ತೆ ನೋಡಿ. ಲಿಂಕ್ಡ್‌ಇನ್ ಪೋಸ್ಟನ್ನು ಪೂರ್ತಿ ತೋರಿಸಲ್ಲ. ಹೆಚ್ಚುಕಮ್ಮಿ ಮೂರು ಸಾಲು ತೋರಿಸಿ, ಕೊನೆಗೆ …more ಅಂತ ಇಟ್ಟು ಮಡಚಿಬಿಡುತ್ತೆ. ಮೊಬೈಲಿನಲ್ಲಿ ಸುಮಾರು 140 ಅಕ್ಷರ, ಕಂಪ್ಯೂಟರಿನಲ್ಲಿ ಸುಮಾರು 210 ಅಂತ ನಮ್ಮ ಕಸುಬಿನವರು ಲೆಕ್ಕ ಇಟ್ಟುಕೊಳ್ತಾರೆ. ಫೋನಿನ ಅಗಲ, ಅಕ್ಷರದ ಗಾತ್ರ ಬದಲಾದರೆ ಇದೂ ಬದಲಾಗುತ್ತೆ. ಆದರೆ ಒಂದು ವಿಷಯ ಎಲ್ಲ ಫೋನಿನಲ್ಲೂ ಒಂದೇ: ಖಾಲಿ ಸಾಲೂ ಒಂದು ಸಾಲೇ. ಮೇಲಿನ ಕ್ಯಾಪ್ಷನ್‌ನಲ್ಲಿ ಮೊದಲನೇ ಸಾಲು ಕನಸು, ಎರಡನೇ ಸಾಲು ಖಾಲಿ, ಮೂರನೇ ಸಾಲು ಶೆಡ್ಡು. ಮಡಿಕೆ ಬಿತ್ತು. ಓದುವವನಿಗೆ ಸಿಕ್ಕಿದ್ದು ನಾಲ್ಕು ಪದ. ಯಾರ ಕನಸು, ಏನು ಶೆಡ್ಡು, ಕೋಳಿ ಸಾಕಾಣಿಕೆಯೋ ಏನೋ ಗೊತ್ತಾಗಲ್ಲ.

‘ಕುತೂಹಲ ಹುಟ್ಟಿಸೋಕೇ ಸಾರ್ ಹಾಗೆ ಬರೆಯೋದು’ ಅಂತಾರೆ. ಈ ಕುತೂಹಲದ ಕಥೆಗೂ ಒಂದು ಇತಿಹಾಸ ಇದೆ. 2017ರ ಆಸುಪಾಸು ಲಿಂಕ್ಡ್‌ಇನ್‌ನಲ್ಲಿ ಈ ಒಂದೊಂದೇ ಸಾಲಿನ ಬರವಣಿಗೆ ಎಷ್ಟು ಹಬ್ಬಿತ್ತು ಅಂದ್ರೆ, ಅಮೆರಿಕದವರು ಅದಕ್ಕೆ ‘ಬ್ರೋಯೆಟ್ರಿ’ ಅಂತ ತಮಾಷೆಯ ಹೆಸರೇ ಇಟ್ಟರು. ಕವಿತೆಯ ಹಾಗೆ ಕಾಣುವ, ಆದರೆ ಕವಿತೆಯಲ್ಲದ ವಸ್ತು. ಜನ ಮಡಿಕೆ ಬಿಚ್ಚಿದಷ್ಟೂ ಪೋಸ್ಟು ಓಡುತ್ತೆ ಅನ್ನೋದು ಆಗಿನ ನಂಬಿಕೆ. ಆಮೇಲೆ 2020ರಲ್ಲಿ ಲಿಂಕ್ಡ್‌ಇನ್‌ನ ಎಂಜಿನಿಯರುಗಳೇ ಬರೆದರು: ಕ್ಲಿಕ್ಕು, ಲೈಕುಗಳ ಜೊತೆಗೆ ಓದುವವನು ಪೋಸ್ಟಿನ ಮೇಲೆ ಎಷ್ಟು ಹೊತ್ತು ನಿಲ್ತಾನೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ತೀವಿ ಅಂತ. ಬಿಚ್ಚಿ ನೋಡಿ, ಒಳಗೇನೂ ಇಲ್ಲ ಅಂತ ಓಡಿಹೋದವನಿಂದ ಹಾಗಾದರೆ ಏನು ಲಾಭ? ಏಜೆನ್ಸಿಯವರು ಅದನ್ನು ಓದಿ ಕಲಿತದ್ದು ಏನು ಗೊತ್ತಾ? ಇನ್ನಷ್ಟು ಖಾಲಿ ಸಾಲು ಹಾಕಿ, ಉಜ್ಜುತ್ತಾ ಕೆಳಗೆ ಹೋಗೋಕೆ ಹೊತ್ತು ಹಿಡಿಯಲಿ ಅಂತ.

ಇನ್ನು ಉದ್ದದ ಮಾತು. ‘ಐಡಿಯಲ್ ಲೆಂತ್ ಎಷ್ಟು?’ ಅಂತ ಕೇಳಿದ ಕೂಡಲೇ ಕೆಲವರು 1200 ಅಂತಾರೆ, ಕೆಲವರು 1900 ಅಂತಾರೆ. ಲಿಂಕ್ಡ್‌ಇನ್ ಹಾಕಿರುವ ಮಿತಿ 3000. 2021ರವರೆಗೆ ಅದು 1300 ಇತ್ತು. ಜಾಗ ಜಾಸ್ತಿಯಾಯ್ತು ಅಂತ ಹೇಳೋ ವಿಷಯವೂ ಜಾಸ್ತಿಯಾಗಲ್ಲವಲ್ಲ. ಅದರ ಮೇಲೆ ಈ ಅಂಕಿಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯ ಇದೆ: ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಯೂನಿಕೋಡಿಗೆ ಆರು. ‘ಲಕ್ಷ್ಮಿ’ ಎರಡಕ್ಷರ, ಅಲ್ಲಿ ಏಳು. ಹಾಗಾಗಿ ಇಂಗ್ಲಿಷಿನ 1200ನ್ನು ತಂದು ಕನ್ನಡದ ಮೇಲೆ ಹೊದಿಸಿದರೆ ಕಾಲು ಮುಚ್ಚಿದ್ರೆ ತಲೆ ಹೊರಗೆ. ಎಣಿಸೋ ಬದಲು ನಿಮ್ಮ ಫೋನಿನಲ್ಲಿ ಹಾಕಿ ನೋಡೋದು ವಾಸಿ.

ಆದರೂ ಒಂದು ಅಳತೆ ಹೇಳಿ ಅಂತ ಪಟ್ಟು ಹಿಡಿದರೆ ಹೇಳ್ತೀನಿ. ಕಂಪನಿಯ ಸಾಧನೆಯ ಪೋಸ್ಟಿಗೆ ಎರಡು ಅಥವಾ ಮೂರು ಪ್ಯಾರಾ, ಒಟ್ಟು ಐನೂರು ಆರುನೂರರ ಒಳಗೆ ಸಾಕು. ಯಾಕಂದ್ರೆ ಇಂಥ ಪೋಸ್ಟಿನಲ್ಲಿ ಇರೋದೇ ಮೂರು ಸಂಗತಿ: ಏನಾಯ್ತು, ಹೇಗಾಯ್ತು, ಯಾರಿಂದಾಯ್ತು. ಮೊದಲನೆಯದು ಮಡಿಕೆಯ ಮೇಲೆ ಇರಲೇಬೇಕು. ಪೀಣ್ಯದವರಿಗೆ ನಾನು ಬರೆದುಕೊಟ್ಟ ಮೊದಲ ಪ್ಯಾರಾ ಇದು:

ಪೀಣ್ಯದ ನಮ್ಮ ಶಾಪ್‌ನಿಂದ ಹತ್ತು ಲಕ್ಷನೇ ವಾಲ್ವ್ ಬಾಡಿ ಮೊನ್ನೆ ಮಂಗಳವಾರ ರಾತ್ರಿ ಪಾಳಿಯಲ್ಲಿ ಹೊರಗೆ ಬಂತು. ಶುರು ಮಾಡಿದಾಗ ಎರಡು ಲೇತ್, ನಾಲ್ಕು ಜನ.

ಯೂನಿಕೋಡ್ ಲೆಕ್ಕದಲ್ಲೇ ಎಣಿಸಿದರೂ ಇದು 125ರ ಹತ್ತಿರ. ನಡುವೆ ಎಲ್ಲೂ ಎಂಟರ್ ಒತ್ತಿಲ್ಲ, ಸಾಲು ಎಲ್ಲಿ ಮುರಿಯಬೇಕು ಅನ್ನೋದು ಫೋನಿಗೆ ಬಿಟ್ಟದ್ದು. ಮಡಿಕೆ ಬಿಚ್ಚದೇ ಹೋದವನಿಗೂ ಸುದ್ದಿ ಮುಟ್ಟಿತು. ಬಿಚ್ಚುವವನು ‘ಎರಡು ಲೇತಿನಿಂದ ಇಲ್ಲಿಗೆ ಹೇಗೆ ಬಂದರು’ ಅಂತ ಬಿಚ್ಚುತ್ತಾನೆ. ಆಮೇಲೆ ಒಂದೇ ಒಂದು ಖಾಲಿ ಸಾಲು. ಎರಡನೇ ಪ್ಯಾರಾದಲ್ಲಿ ನೂರಕ್ಕೆ ಎಂಟು ಪೀಸ್ ರಿಜೆಕ್ಟ್ ಆಗ್ತಿದ್ದ ಕಾಲ, ಫಿಕ್ಸ್ಚರ್ ಬದಲಾಯಿಸಿದ ಮೇಲೆ ಅದು ಒಂದಕ್ಕೆ ಇಳಿದದ್ದು. ಮೂರನೇ ಪ್ಯಾರಾದಲ್ಲಿ ಆ ಮೊದಲ ನಾಲ್ವರ ಹೆಸರು, ಯಾರು ಯಾವ ಮೆಷೀನಿನಲ್ಲಿದ್ದರು ಅನ್ನೋದು. ಅವರಲ್ಲಿ ಮೂವರು ಈಗಲೂ ಅಲ್ಲೇ ಇದ್ದಾರೆ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಏಜೆನ್ಸಿಯವರು ನನ್ನ ಮೂರನೇ ಪ್ಯಾರಾ ತೆಗೆದರು. ‘ಲೆಂತ್ ಜಾಸ್ತಿ ಆಯ್ತು ಸಾರ್, ಆ ನಾಲ್ಕು ಜನರಲ್ಲಿ ಇಬ್ಬರಿಗೆ ಪ್ರೊಫೈಲೇ ಇಲ್ಲ, ಟ್ಯಾಗ್ ಮಾಡೋಕಾಗಲ್ಲ.’ ಇಪ್ಪತ್ತಾರು ಸಾಲಿನಲ್ಲಿ ಅರ್ಧ ಖಾಲಿ ಬಿಟ್ಟವರು ಹೇಳುವ ಮಾತೇ ಇದು? ಗಾಳಿಗೆ ಜಾಗ ಇದೆ, ಕೆಲಸ ಮಾಡಿದವನ ಹೆಸರಿಗೆ ಜಾಗ ಇಲ್ಲ! @ ಒತ್ತಿ ಹೆಸರು ಆರಿಸಿದರೆ ಆ ಮನುಷ್ಯನಿಗೆ ನೋಟಿಫಿಕೇಶನ್ ಹೋಗುತ್ತೆ, ನಿಜ. ಪ್ರೊಫೈಲ್ ಇಲ್ಲದವನ ಹೆಸರನ್ನು ಸುಮ್ಮನೆ ಟೈಪ್ ಮಾಡಬಾರದು ಅಂತ ಎಲ್ಲಿದೆ? ಲೇತ್ ಆಪರೇಟರ್ ನಾಳೆ ಬೇರೆ ಕಡೆ ಕೆಲಸ ಕೇಳೋಕೆ ಹೋದಾಗ, ‘ಇದು ನಾನು ಮಾಡಿದ್ದು’ ಅಂತ ತೋರಿಸೋಕೆ ಅವನ ಹತ್ತಿರ ಇರೋದು ಇಂಥ ಒಂದು ಲಿಂಕು. ಮಾಲೀಕರ ಕನಸಿಗೆ ಸಾಕ್ಷಿ ಬೇಕಿಲ್ಲ, ಅವರ ಬೋರ್ಡೇ ಗೇಟಿನ ಮೇಲಿದೆ.

ಸಾಲು ಮುರಿಯಲೇಬಾರದು ಅಂತ ನಾನು ಹೇಳ್ತಿಲ್ಲ. ಪ್ಯಾರಾ ಮುಗಿದಲ್ಲಿ ಮುರಿಯಿರಿ. ಹೆಸರುಗಳ ಪಟ್ಟಿ ಇದ್ದರೆ ಹೆಸರಿಗೊಂದು ಸಾಲು ಕೊಡಿ, ನಡುವೆ ಖಾಲಿ ಬಿಡಬೇಡಿ. ಇಡೀ ಪೋಸ್ಟನ್ನು ಒಂದೇ ಇಟ್ಟಿಗೆಯ ಹಾಗೆ ಒತ್ತಿಟ್ಟರೆ ಫೋನಿನಲ್ಲಿ ಓದೋದು ಹಿಂಸೆ, ಅದೂ ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ ಹಾಗೆ ಕಾಣುತ್ತೆ. ವರ್ಡ್‌ನಿಂದ ಕಾಪಿ ಮಾಡಿ ತಂದರೆ ಕೆಲವೊಮ್ಮೆ ಒಂದರ ಬದಲು ಎರಡು ಖಾಲಿ ಸಾಲು ಬಂದು ಕೂತಿರುತ್ತೆ, ಹಾಕೋ ಮುಂಚೆ ಅಳಿಸಿ.

ಕೊನೆಗೆ ಪೀಣ್ಯದ ಮಾಲೀಕರೇ ಫೋನ್ ಮಾಡಿದರು. ‘ಹೆಸರು ಹಾಕೋಣ, ಆದ್ರೆ ಆ ಕನಸಿನ ಸಾಲೂ ಒಂದು ಇರಲಿ’ ಅಂದರು. ಹಾಕಿದ್ವಿ, ನಾಲ್ವರ ಹೆಸರಿನ ಕೆಳಗೆ.