ಮತದಾನದ ಮರುದಿನ: ಶಾಲಾ ಸಂಸತ್ತು ಕಲಿಸಬೇಕಾದ ಪಾಠ



ಜೂನ್, ಜುಲೈ ತಿಂಗಳು ಬಂದೊಡನೆ ನಾಡಿನ ಪ್ರೌಢಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆಗಳು ಆರಂಭವಾಗುತ್ತವೆ. ಅಧಿಸೂಚನೆ ಹೊರಡುತ್ತದೆ, ನಾಮಪತ್ರ ಸಲ್ಲಿಕೆ, ಪರಿಶೀಲನೆ, ಹಿಂಪಡೆಯುವಿಕೆ ಎಲ್ಲವೂ ಕ್ರಮವಾಗಿ ನಡೆಯುತ್ತವೆ. ಸಮಾಜ ವಿಜ್ಞಾನದ ಶಿಕ್ಷಕರು ಚುನಾವಣಾಧಿಕಾರಿಗಳಾಗುತ್ತಾರೆ. ಕೆಲವೆಡೆ ಮೊಬೈಲ್ ಫೋನೇ ಮತಯಂತ್ರವಾಗುತ್ತದೆ. ಮಕ್ಕಳು ಸಾಲಾಗಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮತ ಹಾಕುತ್ತಾರೆ. ಮುಖ್ಯಮಂತ್ರಿ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ, ವಿರೋಧ ಪಕ್ಷದ ನಾಯಕ ಎಂದು ಪ್ರಮಾಣವಚನವಾಗುತ್ತದೆ. ಚಿತ್ರ ಪತ್ರಿಕೆಗೆ ಹೋಗುತ್ತದೆ.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಆಗಸ್ಟ್ ತಿಂಗಳಿನಲ್ಲಿ ಆ ಸಂಸತ್ತು ಏನು ಮಾಡುತ್ತಿರುತ್ತದೆ ಎಂದು ಕೇಳಿದರೆ ಬಹುಪಾಲು ಶಾಲೆಗಳಲ್ಲಿ ದೊರೆಯುವ ಉತ್ತರ ಒಂದೇ. ಆರೋಗ್ಯ ಮಂತ್ರಿ ಮಕ್ಕಳ ಉಗುರು ನೋಡುತ್ತಾನೆ. ಶಿಕ್ಷಣ ಮಂತ್ರಿ ಮನೆಗೆಲಸದ ಪುಸ್ತಕಗಳನ್ನು ಒಟ್ಟುಗೂಡಿಸುತ್ತಾಳೆ. ಮುಖ್ಯಮಂತ್ರಿ ಪ್ರಾರ್ಥನೆಯ ಸಾಲು ನೇರ ಮಾಡಿಸಿ, ಶಿಕ್ಷಕರಿಲ್ಲದ ತರಗತಿಯಲ್ಲಿ ಮಾತಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುತ್ತಾನೆ. ಇವೆಲ್ಲ ಶಿಕ್ಷಕರ ಕೆಲಸವನ್ನು ಹಂಚಿಕೊಳ್ಳುವ ಸೇವೆಗಳು, ಅವುಗಳಲ್ಲಿ ತಪ್ಪಿಲ್ಲ. ಆದರೆ ಮತ ಪಡೆದವನು ಮತ ಕೊಟ್ಟವರ ಮಾತನ್ನು ಮೇಲಕ್ಕೆ ಒಯ್ಯುತ್ತಿಲ್ಲ, ಮೇಲಿನವರ ಅಪ್ಪಣೆಯನ್ನು ಕೆಳಕ್ಕೆ ತರುತ್ತಿದ್ದಾನೆ. ಪ್ರತಿನಿಧಿಯೆಂದರೆ ಮೇಲ್ವಿಚಾರಕ ಎಂಬ ಕಲ್ಪನೆಯನ್ನು ನಾವೇ ಹದಿನಾಲ್ಕರ ವಯಸ್ಸಿನಲ್ಲಿ ಮಗುವಿನ ಮನಸ್ಸಿನಲ್ಲಿ ಬಿತ್ತುತ್ತಿದ್ದೇವೆ.

ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಸಂವಿಧಾನದ 61ನೆಯ ತಿದ್ದುಪಡಿ. ಹತ್ತನೆಯ ತರಗತಿಯ ವಿದ್ಯಾರ್ಥಿ ಎರಡು-ಮೂರು ವರ್ಷಗಳಲ್ಲಿ ಮತದಾರನಾಗುತ್ತಾನೆ. ಇದನ್ನರಿತೇ ಚುನಾವಣಾ ಆಯೋಗವು 2018ರಲ್ಲಿ ಶಾಲೆಗಳಲ್ಲಿ ಚುನಾವಣಾ ಸಾಕ್ಷರತಾ ಕ್ಲಬ್‌ಗಳನ್ನು ಆರಂಭಿಸಿತು. ಶಾಲಾ-ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುವ ನಿರ್ಧಾರವನ್ನು ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಕೈಗೊಂಡಿತು. ಮತ ಹಾಕುವ ಕ್ರಮವೂ ಪೀಠಿಕೆಯ ಪದಗಳೂ ಹೀಗೆ ಮಕ್ಕಳಿಗೆ ತಿಳಿಯುತ್ತಿವೆ. ತಿಳಿಯದೆ ಉಳಿದಿರುವುದು ನಡುವಿನ ಭಾಗ: ಪ್ರಶ್ನೆ ಕೇಳುವುದು, ಅದು ದಾಖಲಾಗುವುದು, ಹೊಣೆ ಹೊತ್ತವರು ಕಾರಣಸಹಿತ ಉತ್ತರ ಕೊಡುವುದು.

ಈ ಮಾತಿಗೆ ಪರರ ಉದಾಹರಣೆಯನ್ನು ಹುಡುಕುವ ಅಗತ್ಯ ನಮಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಆಡಳಿತಕ್ಕೇ ಸೇರಿದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಡೆದುದನ್ನು ಇಲ್ಲಿ ನಿವೇದಿಸುತ್ತೇವೆ. ಅದರಲ್ಲಿ ನಮ್ಮ ತಪ್ಪೂ ಸೇರಿದೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರು ಮುಖ್ಯೋಪಾಧ್ಯಾಯರಿಗೆ ಒಂದು ಮನವಿ ಬರೆದರು. ಮಧ್ಯಾಹ್ನದ ಮೇಲೆ ಶೌಚಾಲಯದಲ್ಲಿ ನೀರಿರುವುದಿಲ್ಲ. ಆ ಕಾರಣದಿಂದ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದೇವೆ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುತ್ತಿಲ್ಲ. ಹೊಸ ಶೌಚಾಲಯ ಕಟ್ಟಿಸಿಕೊಡಬೇಕು ಎಂಬುದು ಅದರ ಸಾರ. ಕೆಳಗೆ 27 ಸಹಿಗಳಿದ್ದವು. ಶಾಲೆಯಲ್ಲಿ ಮೊದಲು ಎದ್ದ ಪ್ರಶ್ನೆ ‘ಇದನ್ನು ಬರೆದವರು ಯಾರು?’ ಎಂಬುದು. ಕಾಗದ ನಮ್ಮ ಮೇಜಿಗೆ ಬಂದಾಗ ನಾವೂ ಅದನ್ನೇ ಕೇಳಿದೆವು. ಯಾರೋ ದೊಡ್ಡವರು ಹಿಂದೆ ನಿಂತು ಬರೆಯಿಸಿರಬೇಕೆಂದು ಶಂಕಿಸಿದೆವು. ಶ್ರೀಮಠದಲ್ಲಿ ವಿಷಯ ಪ್ರಸ್ತಾಪವಾದಾಗ ಪೂಜ್ಯರು, “ಬರೆದವರನ್ನು ಆಮೇಲೆ ಹುಡುಕಿರಿ. ಬರೆದದ್ದು ನಿಜವೋ ಸುಳ್ಳೋ, ಅದನ್ನು ಮೊದಲು ನೋಡಿ ಬನ್ನಿರಿ” ಎಂದರು. ನಾವು ತಲೆ ತಗ್ಗಿಸಿದೆವು.

ಆ ಶಾಲೆಯಲ್ಲೂ ಸಂಸತ್ತು ಇತ್ತು. ಸ್ವಚ್ಛತಾ ಮಂತ್ರಿಯೂ ಇದ್ದಳು. ಆದರೆ ಈ ವಿಷಯ ಅಲ್ಲಿ ಒಮ್ಮೆಯೂ ಚರ್ಚೆಗೆ ಬಂದಿರಲಿಲ್ಲ. ಏಕೆಂದರೆ ಸಂಸತ್ತಿನ ಸಭೆಗೆ ವಿಷಯಪಟ್ಟಿಯನ್ನು ಸಿದ್ಧಪಡಿಸುತ್ತಿದ್ದವರು ಶಿಕ್ಷಕರು. ಆದ್ದರಿಂದ ಮೊದಲು ಅದನ್ನೇ ಬದಲಿಸಲಾಯಿತು. ಪ್ರತಿ ತರಗತಿಯೂ ತಿಂಗಳಿಗೊಮ್ಮೆ ಒಂದು ಅವಧಿ ಸೇರಿ ಎರಡು ವಿಷಯಗಳನ್ನು ಆರಿಸಿ ಕಳುಹಿಸುವುದೆಂದೂ, ಸಂಸತ್ತು ಅವುಗಳನ್ನಷ್ಟೇ ಚರ್ಚಿಸುವುದೆಂದೂ ತೀರ್ಮಾನವಾಯಿತು.

ನೀರಿನ ವಿಷಯ ಸಭೆಗೆ ಬಂದಾಗ ಒಬ್ಬ ಹುಡುಗ, “ಬೆಳಿಗ್ಗೆ ತೊಟ್ಟಿ ತುಂಬಿರುತ್ತದೆ, ಅಷ್ಟು ನೀರು ಎಲ್ಲಿ ಹೋಗುತ್ತದೆ?” ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಆರು ದಿನ ಅಳೆಯುವುದೆಂದು ಮಕ್ಕಳೇ ನಿರ್ಧರಿಸಿದರು. ಶಾಲೆಯ ಜವಾನರು ತೊಟ್ಟಿಗೆ ಕೋಲು ಇಳಿಸಿ ಮಟ್ಟ ಹೇಳಿದರು; ಮಕ್ಕಳು ಬರೆದುಕೊಂಡರು. 1,000 ಲೀಟರಿನ ಆ ಒಂದೇ ತೊಟ್ಟಿ ಬೆಳಿಗ್ಗೆ ತುಂಬಿರುತ್ತಿತ್ತು. ಮೊದಲ ವಿರಾಮದವರೆಗೆ ಸುಮಾರು 250 ಲೀಟರು ಶೌಚಾಲಯಗಳಿಗೆ ಹೋಗುತ್ತಿತ್ತು. ಬಿಸಿಯೂಟದ ಅಡುಗೆಗೆ ಮತ್ತು ಪಾತ್ರೆ ತೊಳೆಯಲು 20 ಲೀಟರಿನ ಬಕೆಟ್ಟಿನಲ್ಲಿ 20 ಬಕೆಟ್, ಅಂದರೆ 400 ಲೀಟರು ಬೇಕಾಗುತ್ತಿತ್ತು. ಉಳಿದ 350 ಲೀಟರನ್ನು ಊಟದ ನಂತರ 312 ಮಕ್ಕಳು ಕೈ ಮತ್ತು ತಟ್ಟೆ ತೊಳೆದು ಮುಗಿಸುತ್ತಿದ್ದರು. ಕೊಳವೆಬಾವಿಯ ಮೋಟಾರಿಗೆ ಮೂರು ಫೇಸ್ ವಿದ್ಯುತ್ತು ಬೆಳಗಿನ ಹೊತ್ತಷ್ಟೇ ಇರುತ್ತಿದ್ದುದರಿಂದ ಮಧ್ಯಾಹ್ನ ಮತ್ತೆ ತುಂಬಿಸುವಂತಿರಲಿಲ್ಲ.

ಇಲ್ಲಿ ನಡೆದುದನ್ನು ಗಮನಿಸಬೇಕು. ಮಕ್ಕಳು ಕೇಳಿದ್ದು ಹೊಸ ಶೌಚಾಲಯವನ್ನು. ಅಳತೆಯ ಬಳಿಕ ಕೊರತೆಯಿರುವುದು ಶೌಚಾಲಯದ್ದಲ್ಲ, ನೀರಿನ ಸಂಗ್ರಹದ್ದು ಎಂಬುದನ್ನು ಅವರೇ ಕಂಡುಕೊಂಡರು. ಬೇಡಿಕೆಯನ್ನು ಅವರೇ ತಿದ್ದಿಕೊಂಡರು. ಅಡುಗೆಮನೆಗೂ ಕೈ ತೊಳೆಯುವ ಜಾಗಕ್ಕೂ ಬೇರೆ ತೊಟ್ಟಿ ಬೇಕೆಂಬುದು ಎರಡನೆಯ ಮನವಿ. ಶ್ರೀಮಠದ ದಾಸೋಹ ಭವನದ ಹಿಂದೆ 1,000 ಲೀಟರಿನ ತೊಟ್ಟಿಯೊಂದು ಬಳಕೆಯಿಲ್ಲದೆ ಬಿದ್ದಿತ್ತು. ಅದನ್ನು ಸಾಗಿಸಿ ಕೂರಿಸುವ ಕೊಳಾಯಿ ಕೆಲಸಕ್ಕೆ ತಗುಲಿದ ವೆಚ್ಚ 6,400 ರೂಪಾಯಿ. ಬೇಡಿಕೆ ಇಟ್ಟು ಕೂಗುವುದಷ್ಟೇ ಪ್ರಜಾಪ್ರಭುತ್ವವಲ್ಲ, ಹತ್ತು ಜನರ ನಡುವೆ ತನ್ನ ಮಾತನ್ನು ಪರೀಕ್ಷೆಗೆ ಒಡ್ಡಿ ತಿದ್ದಿಕೊಳ್ಳುವುದೂ ಅದರ ಭಾಗ ಎಂಬುದನ್ನು ಆ ಮಕ್ಕಳು ಕಲಿತರು. ಆ ಪಾಠ ಮತಪೆಟ್ಟಿಗೆಯಿಂದ ದೊರೆಯುವಂಥದಲ್ಲ.

ಅದೇ ಸಭೆಯಿಂದ ಬಂದ ಇನ್ನೊಂದು ಬೇಡಿಕೆಯನ್ನು ಆಡಳಿತ ಒಪ್ಪಲಿಲ್ಲ. ಹತ್ತನೆಯ ತರಗತಿಯ ಬೆಳಗಿನ ವಿಶೇಷ ತರಗತಿಯನ್ನು ನಿಲ್ಲಿಸಬೇಕೆಂದು ಮಕ್ಕಳು ಕೇಳಿದ್ದರು. ಆಗದು ಎಂದು ಲಿಖಿತವಾಗಿ ತಿಳಿಸಿದೆವು. ಹಿಂದಿನ ವರ್ಷ ಗಣಿತದಲ್ಲಿ ಹಿಂದುಳಿದವರಿಗೆ ಅದರಿಂದ ಆದ ಪ್ರಯೋಜನವೇ ಕಾರಣವೆಂದು ಬರೆದೆವು. ಮಕ್ಕಳಿಗೆ ಸಮಾಧಾನವಾಗಲಿಲ್ಲ, ಹಾಗೆಂದು ನಡಾವಳಿಯಲ್ಲಿ ದಾಖಲಿಸಿದರು. ಆದರೂ ತರಗತಿಗೆ ಬಂದರು. ‘ನೋಡೋಣ’ ಎಂದು ವರ್ಷ ಕಳೆಯುವುದಕ್ಕಿಂತ ಕಾರಣ ಕೊಟ್ಟು ‘ಇಲ್ಲ’ ಎನ್ನುವುದು ಮಕ್ಕಳಿಗೆ ತೋರುವ ಹೆಚ್ಚಿನ ಗೌರವವೆಂಬುದು ನಮಗೆ ಆಗ ಮನವರಿಕೆಯಾಯಿತು. ಅಂದಿನಿಂದ ಸಂಸತ್ತಿನ ಪ್ರತಿಯೊಂದು ನಿರ್ಣಯಕ್ಕೂ 15 ದಿನಗಳೊಳಗೆ ಲಿಖಿತ ಉತ್ತರ ನೀಡಿ, ಅದನ್ನು ಪ್ರಾರ್ಥನೆಯ ವೇಳೆ ಓದಿಸುವ ನಿಯಮ ಮಾಡಿದೆವು.

ಎಲ್ಲ ವಿಷಯಗಳೂ ಸಂಸತ್ತಿಗೆ ಸಲ್ಲತಕ್ಕವಲ್ಲ. ಶಾಲೆಯ ಗೇಟಿನ ಮುಂದಿನ ತೆರೆದ ಚರಂಡಿಗೆ ಶಾಲೆ ಉತ್ತರಿಸಲಾರದು. ಅದು ಗ್ರಾಮ ಪಂಚಾಯತಿಯ ಹೊಣೆ. ಅದಕ್ಕಾಗಿಯೇ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಯ ವ್ಯವಸ್ಥೆಯಿದೆ. ವಿಷಯವನ್ನು ಅಲ್ಲಿಗೆ ಒಯ್ಯುವುದನ್ನು ಕಲಿಸಬೇಕು. ಯಾರ ಅಧಿಕಾರ ಎಲ್ಲಿಯವರೆಗೆ ಎಂಬುದನ್ನು ಅರಿಯುವುದೂ ನಾಗರಿಕ ಶಿಕ್ಷಣವೇ. ಇನ್ನು, ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಸಂಗತಿಯನ್ನು ಸಭೆಯಲ್ಲಿ ಚರ್ಚಿಸಲೇಬಾರದು. ಅದು ಗೋಪ್ಯವಾಗಿ ಉಳಿಯಬೇಕು; ಮಗು ನಂಬುವ ಹಿರಿಯರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ತಲುಪಬೇಕು. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ವಿಷಯ ತಿಳಿದವರೆಲ್ಲರ ಕಡ್ಡಾಯ ಕರ್ತವ್ಯ. ಸಂಸ್ಥೆಯ ಮಾನದ ಹೆಸರಿನಲ್ಲಿ ಅದನ್ನು ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ.

ಈ ವ್ಯವಸ್ಥೆ ಒಮ್ಮೆ ನೆಟ್ಟರೆ ತಾನೇ ಬೆಳೆಯುವ ಗಿಡವಲ್ಲ. ಎರಡು ವರ್ಷಗಳ ಬಳಿಕ ಅದೇ ಶಾಲೆಯ ನಡಾವಳಿ ಪುಸ್ತಕವನ್ನು ತರಿಸಿ ನೋಡಿದೆವು. ಐದು ಸಭೆಗಳ ನಡಾವಳಿ ಒಂದೇ ಕೈಬರಹದಲ್ಲಿತ್ತು, ಅದು ಶಿಕ್ಷಕರ ಕೈಬರಹ. ‘ಶಿಸ್ತು ಕಾಪಾಡಲು ತೀರ್ಮಾನಿಸಲಾಯಿತು’ ಎಂಬ ವಾಕ್ಯ ಐದೂ ಕಡೆ ಇತ್ತು. ಮೊದಲು ಆಸಕ್ತಿ ವಹಿಸಿದ್ದ ಶಿಕ್ಷಕಿ ನಿವೃತ್ತರಾಗಿದ್ದರು. ಹೊಸಬರಿಗೆ ನಾವು ಏನನ್ನೂ ಹೇಳಿರಲಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಪೋಷಕರು ತಮ್ಮ ಮಕ್ಕಳ ಶಾಲೆಗೆ ಹೋದಾಗ ಚುನಾವಣೆಯ ಚಿತ್ರಗಳ ಬದಲು ಈ ಪುಸ್ತಕವನ್ನು ಕೇಳಲಿ. ಅದನ್ನು ಮಕ್ಕಳೇ ಬರೆದಿದ್ದಾರೆಯೇ, ವಿಷಯಗಳು ತರಗತಿಯಿಂದ ಬಂದಿವೆಯೇ, ಪಕ್ಕದಲ್ಲಿ ಉತ್ತರ ಮತ್ತು ದಿನಾಂಕ ಇವೆಯೇ ಎಂದು ನೋಡಿದರೆ ಆ ಸಂಸತ್ತಿನ ನಿಜಸ್ಥಿತಿ ತಿಳಿಯುತ್ತದೆ.

ಪ್ರಶ್ನಿಸಲು ಬಿಟ್ಟರೆ ಮಕ್ಕಳಲ್ಲಿ ವಿನಯ ಉಳಿಯದೆಂದು ಕೆಲವು ಹಿರಿಯರು ನಮ್ಮೊಡನೆ ಹೇಳಿದ್ದಾರೆ. ಅವರ ಕಳವಳ ನಮಗೆ ಅರ್ಥವಾಗುತ್ತದೆ. ಆ ಮನವಿಯನ್ನು ಕೈಯಲ್ಲಿ ಹಿಡಿದಾಗ ನಮ್ಮೊಳಗೂ ಇದ್ದುದು ಅದೇ ಕಳವಳ. ಆದರೆ ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು: ಮುಕ್ತಾಯಕ್ಕ ಅಲ್ಲಮಪ್ರಭುಗಳಿಗೇ ಮರುಪ್ರಶ್ನೆ ಹಾಕುತ್ತಾಳೆ, ಪ್ರಭುಗಳು ಉತ್ತರಿಸುತ್ತಾರೆ. ಅಲ್ಲಿ ಯಾರೂ ‘ಇದನ್ನು ಕೇಳಿಸಿದವರು ಯಾರು?’ ಎಂದು ಹುಡುಕುವುದಿಲ್ಲ. ಅನುಭವ ಮಂಟಪವನ್ನು ವೇದಿಕೆಗಳಲ್ಲಿ ಪ್ರಜಾಪ್ರಭುತ್ವದ ತೊಟ್ಟಿಲೆಂದು ಕೊಂಡಾಡುವ ನಾವು, ನಮ್ಮದೇ ಶಾಲೆಯ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳ 27 ಸಹಿಗಳಿಗೆ ಅಂಜಿದರೆ ಆ ಮಾತಿಗೆ ಬೆಲೆಯಿಲ್ಲ.

ಬರುವ ಶೈಕ್ಷಣಿಕ ವರ್ಷದಿಂದ ಶ್ರೀಮಠದ ಎಲ್ಲ ಪ್ರೌಢಶಾಲೆಗಳಲ್ಲಿಯೂ ತರಗತಿ ಸಭೆ, ಮಕ್ಕಳ ಕೈಬರಹದ ನಡಾವಳಿ ಮತ್ತು 15 ದಿನಗಳ ಲಿಖಿತ ಉತ್ತರ ಜಾರಿಗೆ ಬರಲಿವೆ. ಉತ್ತರ ಕೊಡುವ ಹೊಣೆ ನಮ್ಮದು. ತಪ್ಪಿದರೆ ಭಕ್ತರು ನಮ್ಮನ್ನು ಕೇಳಬೇಕೆಂದು ವಿನಂತಿಸುತ್ತೇವೆ.