ಮೊದಲ ಮೂರು ಸಾಲಿನ ಹೊಣೆ

ವಾರದ ಸ್ಟೇಟಸ್ ರಿಪೋರ್ಟ್ ಬರೆಯುವವರ ಹಳೆಯ ದೂರೊಂದಿದೆ: ಮೇಲಿನವರು ಅದನ್ನು ಪೂರ್ತಿ ಓದುವುದಿಲ್ಲ. ದೂರು ನಿಜವೇ. ಆದರೆ ಓದದಿರುವುದಕ್ಕೆ ಸೋಮಾರಿತನವೇ ಕಾರಣ ಎಂದುಕೊಂಡರೆ ತಪ್ಪಾಗುತ್ತದೆ. ಏಕಕಾಲಕ್ಕೆ ಹತ್ತಾರು ಯೋಜನೆಗಳ ಮೇಲೆ ಕಣ್ಣಿಟ್ಟಿರುವ ಅಧಿಕಾರಿ ಎರಡು ಸಭೆಗಳ ನಡುವೆ ಫೋನಿನಲ್ಲಿ ಮೇಲ್ ತೆರೆಯುತ್ತಾರೆ. ಅವರು ಹುಡುಕುವುದು ಒಂದನ್ನೇ, 'ಇದರಲ್ಲಿ ನಾನು ಮಾಡಬೇಕಾದ್ದು ಏನಾದರೂ ಇದೆಯೇ?' ಎಂಬುದನ್ನು. ಅದಕ್ಕೆ ಉತ್ತರ ಸಿಕ್ಕರೂ, ಸಿಗುವುದಿಲ್ಲ ಎಂದು ಖಾತ್ರಿಯಾದರೂ, ಓದು ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ವರದಿಯ ನಮೂನೆ ರೂಪಿಸುವವರ ಮುಂದಿರುವ ಪ್ರಶ್ನೆ, ಓದುಗರನ್ನು ಕೊನೆಯ ಸಾಲಿನವರೆಗೆ ಎಳೆದೊಯ್ಯುವುದು ಹೇಗೆ ಎಂಬುದಲ್ಲ, ಅವರು ಓದುವ ಆ ಕೆಲವೇ ಸಾಲುಗಳಲ್ಲಿ ಏನಿರಬೇಕು ಎಂಬುದು. ಅಲ್ಲಿ ಸಾರಾಂಶವಿರಬೇಕು ಎನ್ನುವುದು ವಾಡಿಕೆಯ ಉತ್ತರ. ಅದು ಸಾಲದು ಎಂಬುದು ನನ್ನ ವಾದ. ಸಾರಾಂಶವು ನಡೆದ ಕೆಲಸವನ್ನು ಚಿಕ್ಕದಾಗಿ ಹೇಳುತ್ತದೆ. ಮೇಲಧಿಕಾರಿಗೆ ಬೇಕಿರುವುದು, ಕೊಟ್ಟ ಮಾತು ಉಳಿಯುತ್ತದೆಯೇ, ಉಳಿಯದಿದ್ದರೆ ತಾನು ಏನು ತೀರ್ಮಾನಿಸಬೇಕು ಎಂಬುದು.

ಮುಖ್ಯವಾದದ್ದು ಕೆಳಗೆ ಉಳಿದುಬಿಟ್ಟರೆ ಏನಾಗಬಹುದು ಎಂಬುದಕ್ಕೆ ದಾಖಲಾದ ನಿದರ್ಶನವಿದೆ. 2003ರ ಜನವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಮೇಲೇರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ನೊರೆಯ ತುಂಡು ಎಡ ರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಎಂಜಿನಿಯರ್‌ಗಳು ನಾಸಾಕ್ಕೆ ಸ್ಲೈಡುಗಳಲ್ಲಿ ವಿಶ್ಲೇಷಣೆ ಒಪ್ಪಿಸಿದರು. ಅವುಗಳಲ್ಲಿ ಒಂದರ ತಲೆಬರಹ, ಪರೀಕ್ಷೆಯ ಅಂಕಿಅಂಶಗಳು ಲೆಕ್ಕಾಚಾರದಲ್ಲಿ ಸುರಕ್ಷತೆಯ ಅಂತರವಿರುವುದನ್ನು ತೋರಿಸುತ್ತವೆ ಎಂಬ ಧಾಟಿಯಲ್ಲಿತ್ತು. ಅದೇ ಸ್ಲೈಡಿನ ಬುಡದಲ್ಲಿ, ಚಿಕ್ಕ ಅಕ್ಷರಗಳಲ್ಲಿ, ತಲೆಬರಹವನ್ನೇ ಅಲುಗಾಡಿಸುವ ಸಂಗತಿಯಿತ್ತು: ನಿಜವಾದ ತುಂಡಿನ ಗಾತ್ರ 1,920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ ತುಂಡಿನದು ಬರೀ 3. ಅಂದರೆ ಪರೀಕ್ಷೆಯದಕ್ಕಿಂತ 640 ಪಟ್ಟು ದೊಡ್ಡ ತುಂಡಿನ ಹೊಡೆತದ ಬಗ್ಗೆ ಆ ಪರೀಕ್ಷೆಯ ಆಧಾರದಲ್ಲಿ ಮಾತಾಡಲಾಗುತ್ತಿತ್ತು. ಫೆಬ್ರವರಿ 1ರಂದು ನೌಕೆ ಒಡೆದು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ತನಿಖಾ ಮಂಡಳಿಯ ವರದಿ ಈ ಸ್ಲೈಡಿನ ಬಗ್ಗೆ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಮಾಡಿದ ವಿಶ್ಲೇಷಣೆಯನ್ನು ಸೇರಿಸಿಕೊಂಡು, ಇದನ್ನು ಓದಿದ ಹಿರಿಯ ವ್ಯವಸ್ಥಾಪಕರಿಗೆ ಜೀವ ಅಪಾಯದಲ್ಲಿದೆ ಎಂದು ಹೊಳೆಯದೆ ಹೋಗಿದ್ದರೆ ಅಚ್ಚರಿಯಿಲ್ಲ ಎಂಬ ಅರ್ಥದ ಮಾತು ಹೇಳಿತು. ಒಂದು ಸ್ಲೈಡೇ ದುರಂತಕ್ಕೆ ಕಾರಣ ಎನ್ನಲಾಗದು, ಅದು ವಾರದ ವರದಿಯೂ ಅಲ್ಲ. ಆದರೆ ಅದರ ರಚನೆ ಎಲ್ಲ ಕಚೇರಿಗಳಿಗೂ ಪರಿಚಿತವೇ: ಸಮಾಧಾನ ಮೇಲೆ, ಸಂಗತಿ ಕೆಳಗೆ. ಅಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಇದನ್ನು ಸಾಮಾನ್ಯ ಕಚೇರಿಯ ಅಳತೆಗೆ ಇಳಿಸಿ ನೋಡೋಣ. 40 ಶಾಖೆಗಳ ಸಹಕಾರಿ ಬ್ಯಾಂಕೊಂದು ನವೆಂಬರ್ 3ರಿಂದ ಹೊಸ ಸಾಫ್ಟ್‌ವೇರ್‌ಗೆ ಬದಲಾಗಬೇಕಿದೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರ್ 19ರ ವರದಿ ಹೀಗೆ ಶುರುವಾಗುತ್ತದೆ: 'ಈ ವಾರ ಸಾಫ್ಟ್‌ವೇರ್ ಕಂಪನಿಯೊಂದಿಗೆ ಮೂರು ಸಭೆಗಳು ನಡೆದವು. 27 ಶಾಖೆಗಳ ಡೇಟಾ ವರ್ಗಾವಣೆ ಯಶಸ್ವಿಯಾಗಿ ಮುಗಿದಿದೆ. ಉಳಿದ ಶಾಖೆಗಳ ಕೆಲಸ ಪ್ರಗತಿಯಲ್ಲಿದೆ.' ಪ್ರತಿ ವಾಕ್ಯವೂ ನಿಜ. ಒಟ್ಟು ಮೂಡುವ ಚಿತ್ರ ಸುಳ್ಳು. ಉಳಿದ 13 ಶಾಖೆಗಳ ಖಾತೆಗಳಲ್ಲಿ ಪ್ಯಾನ್ ಮತ್ತು ಮೊಬೈಲ್ ಸಂಖ್ಯೆಗಳು ತಾಳೆಯಾಗುತ್ತಿಲ್ಲ, ವಾರಕ್ಕೆ ಎರಡು ಶಾಖೆಯಷ್ಟೇ ಸರಿಪಡಿಸಲು ಆಗುತ್ತಿದೆ. ಅದಕ್ಕೆ ಏಳು ವಾರ, ಆಮೇಲಿನ ಪ್ರಾಯೋಗಿಕ ಓಟಕ್ಕೆ ಎರಡು ವಾರ ಎಂದರೆ ನವೆಂಬರ್ 3 ಆಗಲೇ ಕೈತಪ್ಪಿದೆ. ಇದೇ ವರದಿಯ ಮೊದಲ ಮೂರು ಸಾಲು ಹೀಗಿರಬಹುದಿತ್ತು. ಒಂದು: 'ಈಗಿನ ವೇಗದಲ್ಲಿ ಆರಂಭ ನವೆಂಬರ್ 24ಕ್ಕೆ ಹೋಗುತ್ತದೆ; ಹೋದ ವಾರದ ಅಂದಾಜು ನವೆಂಬರ್ 3.' ಎರಡು: '13 ಶಾಖೆಗಳ ಗ್ರಾಹಕರ ವಿವರ ತಾಳೆಯಾಗುತ್ತಿಲ್ಲ, ವಾರಕ್ಕೆ ಎರಡೇ ಶಾಖೆ ಮುಗಿಯುತ್ತಿವೆ.' ಮೂರು: 'ಸೆಪ್ಟೆಂಬರ್ 29ರಿಂದ ಮೂರು ವಾರ ಆರು ಗುಮಾಸ್ತರನ್ನು ಕೊಟ್ಟರೆ ವಾರಕ್ಕೆ ಐದು ಶಾಖೆ ಮುಗಿಸಿ ನವೆಂಬರ್ 3 ಉಳಿಸಿಕೊಳ್ಳಬಹುದು, ಜನರಲ್ ಮ್ಯಾನೇಜರ್ ಅವರ ತೀರ್ಮಾನ 24ರ ಬುಧವಾರದೊಳಗೆ ಬೇಕು, ಬರದಿದ್ದರೆ ಹೊಸ ದಿನಾಂಕವನ್ನು ಶಾಖೆಗಳಿಗೆ ತಿಳಿಸುತ್ತೇವೆ.'

ಈ ಮೂರರಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಎರಡು ತುಣುಕುಗಳಿವೆ. ಮೊದಲನೆಯದು ಹೋದ ವಾರದ ಅಂದಾಜು. ಅದು ಪಕ್ಕದಲ್ಲಿ ಇಲ್ಲದಿದ್ದರೆ ದಿನಾಂಕ ವಾರಕ್ಕೆ ಎರಡು ಮೂರು ದಿನ ಸದ್ದಿಲ್ಲದೆ ಜಾರುತ್ತ ಹೋಗುತ್ತದೆ, ಯಾವ ವಾರದಲ್ಲೂ ಅದು ಸುದ್ದಿಯಾಗುವುದಿಲ್ಲ. ಎರಡನೆಯದು, ಉತ್ತರ ಬರದಿದ್ದರೆ ಏನು ಮಾಡುತ್ತೇವೆ ಎಂಬ ಮಾತು. ಮೇಲಿನವರ ಮೌನವೂ ಒಂದು ಆಯ್ಕೆಯೇ ಎಂದು ಅದು ಮೊದಲೇ ತಿಳಿಸಿಬಿಡುತ್ತದೆ. 'ನನ್ನ ಗಮನಕ್ಕೆ ತರಲಿಲ್ಲ' ಎಂಬ ಮಾತಿಗೆ ಎಡೆ ಉಳಿಯುವುದಿಲ್ಲ. ಕೇಳಬೇಕಾದ್ದು ಏನೂ ಇಲ್ಲದ ವಾರ 'ನಿಮ್ಮಿಂದ ಏನೂ ಬೇಕಿಲ್ಲ' ಎಂದೇ ಬರೆಯಬೇಕು. ಸುಮ್ಮನೆ ತುಂಬಿಸಲು ಬೇಡಿಕೆ ಹುಟ್ಟಿಸಿದರೆ ನಿಜವಾದ ಬೇಡಿಕೆಯ ವಾರ ಯಾರೂ ಓದುವುದಿಲ್ಲ.

ಇಷ್ಟೆಲ್ಲ ಏಕೆ, ಹಸಿರು-ಹಳದಿ-ಕೆಂಪು ಗುರುತು ಸಾಲದೇ ಎಂದು ಕೇಳಬಹುದು. ಬಣ್ಣ ಒಂದು ನೋಟಕ್ಕೆ ತಿಳಿಯುತ್ತದೆ ನಿಜ, ಆದರೆ ಅದನ್ನು ಬಳಿಯುವವರು ವರದಿಗಾರರೇ. ಹೊರಗೆ ಹಸಿರು, ಒಳಗೆ ಕೆಂಪಾದ ವರದಿಗೆ ಪ್ರಾಜೆಕ್ಟ್ ಮ್ಯಾನೇಜರ್‌ಗಳ ವಲಯದಲ್ಲಿ ಕಲ್ಲಂಗಡಿ ಎಂಬ ಅಡ್ಡಹೆಸರೇ ಇದೆ. 2006ರಲ್ಲಿ ಫೋರ್ಡ್ ಕಾರು ಕಂಪನಿಗೆ ಮುಖ್ಯಸ್ಥರಾಗಿ ಸೇರಿದ ಆಲನ್ ಮುಲಾಲಿ ಪ್ರತಿ ಗುರುವಾರ ಬಣ್ಣ ಗುರುತಿನ ವರದಿಗಳ ಸಭೆ ಶುರುಮಾಡಿದರು. ಕಂಪನಿ ಆ ವರ್ಷ 1,200 ಕೋಟಿ ಡಾಲರ್‌ಗೂ ಮೀರಿ ನಷ್ಟ ಕಂಡಿತು. ಸಭೆಗೆ ಬಂದ ಹಾಳೆಗಳು ಮಾತ್ರ ಹಸಿರು. ಕಡೆಗೆ ಹಿರಿಯ ಅಧಿಕಾರಿ ಮಾರ್ಕ್ ಫೀಲ್ಡ್ಸ್ ಹೊಸ ಕಾರೊಂದರ ಬಿಡುಗಡೆಗೆ ಕೆಂಪು ಹಚ್ಚಿ ತಂದಾಗ ಮುಲಾಲಿ ಚಪ್ಪಾಳೆ ತಟ್ಟಿದರು, ಸಹೋದ್ಯೋಗಿಗಳು ನೆರವಿಗೆ ಮುಂದಾದರು. ಬಣ್ಣಕ್ಕೆ ಅರ್ಥ ಬರಬೇಕಾದರೆ ನಿಯಮ ಯೋಜನೆಯ ಮೊದಲ ದಿನವೇ ನಿಗದಿಯಾಗಬೇಕು: ದಿನಾಂಕ ಒಂದು ವಾರ ಜಾರಿದರೆ ಹಳದಿ, ಎರಡು ವಾರಕ್ಕೆ ಮೀರಿದರೆ ಕೆಂಪು, ಹೀಗೆ. ನಮ್ಮ ಬ್ಯಾಂಕಿನ ಮೂರು ವಾರದ ಜಾರಿಕೆ ಆಗ ಯಾರ ಮನಸ್ಸನ್ನೂ ಕೇಳದೆ ಕೆಂಪಾಗುತ್ತದೆ.

ಮೂರು ಸಾಲಿಗೆ ಇಳಿಸಿದರೆ ಸೂಕ್ಷ್ಮ ಕಳೆದುಹೋಗುತ್ತದೆ ಎಂಬ ಆಕ್ಷೇಪವೂ ತೂಕದ್ದೇ. ಆದರೆ ಸೂಕ್ಷ್ಮವನ್ನು ತೆಗೆದುಹಾಕಬೇಕಿಲ್ಲ, ಕೆಳಗೆ ಇಡಬೇಕು. ಶಾಖಾವಾರು ಪಟ್ಟಿ, ಲೆಕ್ಕದ ಆಧಾರ, ಇತರ ಅಪಾಯಗಳು ಅಲ್ಲೇ ಇರಲಿ. ಒಂದು ಷರತ್ತು ಮಾತ್ರ ತಪ್ಪಬಾರದು: ಮೇಲಿನ ಮಾತನ್ನು ಬದಲಿಸಬಲ್ಲ ಯಾವ ಸಂಗತಿಯೂ ಕೆಳಗೆ ಒಂಟಿಯಾಗಿ ಉಳಿಯಬಾರದು. 1,920 ಮತ್ತು 3 ಅಂಥ ಸಂಗತಿ. ಗುಮಾಸ್ತರನ್ನು ಕೊಟ್ಟರೂ ಐದು ಶಾಖೆಯ ವೇಗ ಬರೀ ಊಹೆಯಾಗಿದ್ದರೆ, ಅದು ಊಹೆ ಎಂಬುದೂ ಮೂರನೇ ಸಾಲಿನಲ್ಲೇ ಇರಬೇಕು.

ಇದನ್ನು ಕಳಿಸುವ ಮೊದಲೇ ಪರೀಕ್ಷಿಸಬಹುದು. ಕೆಳಗಿನ ಭಾಗ ಮುಚ್ಚಿ, ಯೋಜನೆಗೆ ಸಂಬಂಧವಿಲ್ಲದ ಸಹೋದ್ಯೋಗಿಗೆ ಮೂರು ಸಾಲನ್ನಷ್ಟೇ ತೋರಿಸಿ, ಯಾರು, ಯಾವಾಗ, ಏನು ಮಾಡಬೇಕು ಎಂದು ಕೇಳಬೇಕು. ಅವರು ತಡವರಿಸಿದರೆ ಸಾಲುಗಳು ಇನ್ನೂ ಸಾರಾಂಶವಾಗಿಯೇ ಇವೆ. ಆ ಸಾಲುಗಳನ್ನು ಹೋದ ವಾರದ ವರದಿಗೆ ಅಂಟಿಸಿದರೂ ಹೊಂದುತ್ತವೆ ಎಂದಾದರೆ ಅವು ಏನನ್ನೂ ವರದಿ ಮಾಡುತ್ತಿಲ್ಲ. ನಮೂನೆಯ ಶಕ್ತಿ ಇಷ್ಟೇ. ಕೆಂಪು ತಂದವರನ್ನು ಗದರಿಸಿ ಕಳಿಸುವ ಕೋಣೆಯಲ್ಲಿ ಇದೂ ಕೆಲವೇ ವಾರಗಳಲ್ಲಿ ಕಲ್ಲಂಗಡಿಯಾಗುತ್ತದೆ. ಮೊದಲ ಮೂರು ಸಾಲನ್ನಷ್ಟೇ ಓದುವ ಹಕ್ಕು ಮೇಲಧಿಕಾರಿಗಿದೆ. ಅದರ ಜೊತೆಗೇ ಬರುವ ಹೊಣೆ, ಮೂರನೇ ಸಾಲಿಗೆ ಬುಧವಾರದೊಳಗೆ ಉತ್ತರ ಕೊಡುವುದು.