ಚಿಪ್ಪಿನ ಕೆಳಗಿನ ನೋವು: ಆಡುತ್ತಲೇ ವಾಸಿಯೋ, ನೆಗೆತ ಬಿಟ್ಟೋ?

ನಲ್ಲೂರಿನ ಕಡೆಯ ಒಬ್ಬ ಅಟ್ಯಾಕರ್‌ನನ್ನು ಕಣ್ಣಮುಂದೆ ತಂದುಕೊಳ್ಳಿ. ವಯಸ್ಸು 28, ಹಗಲು ಅಡಿಕೆ ತೋಟ, ಸಂಜೆ ಅಂಕಣ, ಆಗಾಗ ಹೊನಲು ಬೆಳಕಿನ ಪಂದ್ಯಾವಳಿ. ನಾಲ್ಕು ತಿಂಗಳಿಂದ ಎಡ ಮಂಡಿ ನೋಯುತ್ತಿದೆ. ಎಲ್ಲಿ ಎಂದರೆ ಒಂದೇ ಬೆರಳಿಟ್ಟು ಚಿಪ್ಪಿನ ಕೆಳತುದಿಯನ್ನು ತೋರಿಸುತ್ತಾನೆ. ಆಟ ಶುರುವಾದಾಗ ಚುಚ್ಚುತ್ತದೆ, ಮೈ ಬಿಸಿಯಾದರೆ ಮರೆಯುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ದುಪ್ಪಟ್ಟಾಗಿ ವಾಪಸ್ ಬರುತ್ತದೆ. ಚಿಪ್ಪನ್ನು ಕಾಲಿನ ಮೂಳೆಗೆ ಕಟ್ಟಿರುವ ಟೆಂಡನ್ನಿನ ನೋವು ಹೀಗೇ ಇರುತ್ತದೆ. ಮಂಡಿ ಊದಿದರೆ ಅಥವಾ ಮಡಚಿದಲ್ಲೇ ಸಿಕ್ಕಿಕೊಂಡರೆ ಅದು ಬೇರೆ ಕಾಯಿಲೆ. ‘ಟಪ್’ ಎಂದು ಸದ್ದಾಗಿ ಕಾಲು ನೆಟ್ಟಗೆ ಎತ್ತಲು ಬಾರದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯವರು ಆಟ ಬಿಡು ಅನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡು ತಿಂಗಳು ಸುಮ್ಮನಿದ್ದರೆ ನೋವು ತಗ್ಗುತ್ತದೆ. ಆದರೆ ಟೆಂಡನ್ ಭಾರ ಹೊರುತ್ತಲೇ ಗಟ್ಟಿಯಾಗುವ ನಾರು. ಸುಮ್ಮನಿದ್ದಷ್ಟು ದಿನ ಅದರ ತಾಳಿಕೆ ಇಳಿಯುತ್ತದೆ, ತೊಡೆಯೂ ಸೊರಗುತ್ತದೆ. ಮತ್ತೆ ಆಡಲು ಇಳಿದರೆ ಮೊದಲ ವಾರದ ಸ್ಮ್ಯಾಶ್‌ಗಳಿಗೇ ಹಳೆಯ ನೋವು ಮರಳುತ್ತದೆ.

ತಂಡದವರು ಆಡುತ್ತಲೇ ವ್ಯಾಯಾಮ ಮಾಡು ಅನ್ನುತ್ತಾರೆ. ಇದನ್ನು ನಾರ್ವೆಯಲ್ಲಿ ವಾಲಿಬಾಲ್ ಆಟಗಾರರ ಮೇಲೇ ಪರೀಕ್ಷಿಸಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸೀಸನ್ ನಡೆಯುತ್ತಿರುವಾಗಲೇ 12 ವಾರ ಇಳಿಜಾರು ಹಲಗೆಯ ಮೇಲೆ ನಿಂತು ನಿಧಾನ ಕುಕ್ಕರಿಸುವ ವ್ಯಾಯಾಮ ಮಾಡಿಸಿದರು. ಮಾಡಿದವರಿಗೂ ಮಾಡದವರಿಗೂ ವ್ಯತ್ಯಾಸ ಕಾಣಲಿಲ್ಲ. ನನಗೆ ಕಾರಣ ಸರಳವಾಗಿ ತೋರುತ್ತದೆ: ನೆಗೆತದ ಹೊರೆ ಇದ್ದಷ್ಟೇ ಇತ್ತು, ಅದರ ಮೇಲೆ ವ್ಯಾಯಾಮದ ಹೊರೆಯೂ ಬಿತ್ತು.

ಹಾಗೆಂದು ವ್ಯಾಯಾಮವೇ ವ್ಯರ್ಥವಲ್ಲ. 2021ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 76 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ನೋವನ್ನು ಸಹಿಸಿಕೊಂಡು ಹಲಗೆಯ ವ್ಯಾಯಾಮ ಮಾಡಿತು. ಇನ್ನೊಂದು, ನೋವು ಮಿತಿಯಲ್ಲಿರುವಷ್ಟೇ ಭಾರವನ್ನು ಹಂತ ಹಂತವಾಗಿ ಏರಿಸಿತು. 24 ವಾರಗಳ ನಂತರ ನೂರು ಅಂಕದ ಅಳತೆಯಲ್ಲಿ ಎರಡನೆಯ ಗುಂಪು ಸುಮಾರು 28 ಅಂಕ ಸುಧಾರಿಸಿತ್ತು, ಮೊದಲನೆಯದು 18. ಆದರೂ ಆ ಉತ್ತಮ ಗುಂಪಿನಲ್ಲೂ ಹಳೆಯ ಮಟ್ಟದ ಆಟಕ್ಕೆ ಮರಳಿದವರು ಶೇ. 43 ಮಾತ್ರ. ಮುಂದಿನ ತಿಂಗಳ ಟೂರ್ನಿಗೆ ಬಾ ಎಂದು ಕರೆಯುವ ಕ್ಯಾಪ್ಟನ್‌ಗೆ ಈ ಸಂಖ್ಯೆ ಗೊತ್ತಿರಬೇಕು.

ನಮ್ಮ ಆಟಗಾರನಿಗೆ ನಾನು ಹೇಳುವುದು ಇಷ್ಟು: ಅಂಕಣ ಬಿಡಬೇಡ, ನೆಗೆಯುವುದನ್ನು ಕೆಲವು ವಾರ ಬಿಡು. ಹಿಂದಿನ ಸಾಲಿನಲ್ಲಿ ರಿಸೀವ್ ಮಾಡು, ನಿಂತೇ ಸರ್ವ್ ಹಾಕು. ಮೊದಲು, ಗಟ್ಟಿ ಬೆಲ್ಟನ್ನು ಕಂಬಕ್ಕೆ ಕಟ್ಟಿ ಮಂಡಿಯ ಹಿಂದೆ ಹಾಕಿಕೊಂಡು, ಹಿಂದಕ್ಕೆ ವಾಲಿ ಅರ್ಧ ಕುಕ್ಕರಿಸಿ ಅಲುಗಾಡದೆ 45 ಸೆಕೆಂಡು ನಿಲ್ಲಬೇಕು. ಎರಡು ನಿಮಿಷ ಬಿಡುವು ಕೊಟ್ಟು ಐದು ಸಲ. ಅದು ಹಗುರವೆನಿಸಿದ ಮೇಲೆ ದಿನ ಬಿಟ್ಟು ದಿನ ಭಾರದ ಕೆಲಸ: ಬೆನ್ನಿಗೆ ಅಕ್ಕಿ ತುಂಬಿದ ಚೀಲ, ಮೂರು ಸೆಕೆಂಡು ಇಳಿತ, ಮೂರು ಸೆಕೆಂಡು ಏರಿಕೆ, ನಾಲ್ಕು ಸೆಟ್. ಶುರುವಿನಲ್ಲಿ 15 ಸಲ ಮಾಡಿದರೆ ಸಾಕಾಗುವಂಥ ತೂಕ. ವಾರಗಳು ಕಳೆದಂತೆ ತೂಕ ಹೆಚ್ಚಿಸಿ, ಆರೇ ಸಲಕ್ಕೆ ಕಾಲು ಸೋಲುವಲ್ಲಿಗೆ ಬರಬೇಕು. ಚೀಲಕ್ಕೂ ಮಿತಿಯಿದೆ. ಎರಡು ಕಾಲಿಗೆ ಸಾಲದೆ ಬಂದಾಗ ಒಂದೇ ಕಾಲಿನಲ್ಲಿ ಮಾಡಬೇಕು, ಇಲ್ಲವೇ ಚನ್ನಗಿರಿಯಲ್ಲೋ ದಾವಣಗೆರೆಯಲ್ಲೋ ಲೆಗ್ ಪ್ರೆಸ್ ಇರುವ ಜಿಮ್ ಹುಡುಕಬೇಕು.

ಸರಿಯಾಗಿದೆಯೇ ಎಂದು ಹೇಳುವುದು ಮರುದಿನದ ಬೆಳಗು. ಹಿಮ್ಮಡಿಯ ಕೆಳಗೆ ಹಲಗೆಯಿಟ್ಟು ನೋವಿರುವ ಕಾಲಿನಲ್ಲೇ ಒಮ್ಮೆ ಕುಕ್ಕರಿಸಿ, ನೋವಿಗೆ ಹತ್ತರಲ್ಲಿ ಅಂಕ ಕೊಡಬೇಕು. ಮೂರರೊಳಗಿದ್ದು ನಿನ್ನೆಗಿಂತ ಏರದಿದ್ದರೆ ಮುಂದುವರಿಯಬಹುದು. ಏರಿದ್ದರೆ ತೂಕ ಇಳಿಸಬೇಕು. ಗಾಬರಿಯಾಗಿ ಎಲ್ಲ ನಿಲ್ಲಿಸುವುದು ಬೇಡ.

ಆದರೆ ಎಲ್ಲರೂ ನೆಗೆತ ಬಿಡಬಲ್ಲರೇ? ಕ್ರೀಡಾ ಕೋಟಾದ ಕೆಲಸ ಈ ಸೀಸನ್ನಿನ ಆಟವನ್ನೇ ನಂಬಿದ್ದರೆ ಆಡಿ ಮುಗಿಸುವುದೂ ಯೋಗ್ಯ ನಿರ್ಧಾರವೇ. ಅಂಥವನು ಅಭ್ಯಾಸದಲ್ಲಿ ನೆಗೆಯದೆ, ನೆಗೆತವನ್ನು ಪಂದ್ಯಕ್ಕೆ ಉಳಿಸಿಕೊಳ್ಳಲಿ. ಸೀಸನ್ ಮುಗಿಯುವವರೆಗೆ ನೋವು ಹೆಚ್ಚದಂತೆ ನೋಡಿಕೊಂಡರೆ ಅಷ್ಟೇ ಗೆಲುವು. ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಮಾತ್ರ ಹೋಗದಿರಲಿ: 2009ರ ಡೆನ್ಮಾರ್ಕ್ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದವರು 12 ವಾರಕ್ಕೆ ಚೆನ್ನಾಗಿದ್ದರು, ಆರು ತಿಂಗಳಿಗೆ ಮತ್ತೆ ಕುಸಿದಿದ್ದರು.

ನೆಗೆತ ಬಿಟ್ಟವನಿಗೆ ಅದು ಮರಳುವುದು ಭಾರದ ಕೆಲಸದ ನೋವು ಮೂರಂಕದೊಳಗೆ ನಿಂತ ಮೇಲೆ. ಮೊದಲು ಎರಡೂ ಕಾಲಿನಲ್ಲಿ ಕೆಲವೇ ಸಣ್ಣ ನೆಗೆತ, ಚೆಂಡಿಲ್ಲದೆ, ಮೂರು ದಿನಕ್ಕೊಮ್ಮೆ. ಎಣಿಕೆಯನ್ನು ಪ್ರತಿ ಸಲ ಬರೆದಿಡಬೇಕು. ನೆಟ್ಟಿನ ಹತ್ತಿರ ಲಿಫ್ಟರ್ ಎತ್ತಿಕೊಟ್ಟ ಚೆಂಡು ಅದಾದ ಮೇಲೆ.